ತಿಂಗಳ ಕೊನೇ ದಿನ, ಎರಡನೇ ಮಂಗಳವಾರ, ವಾರ ಬಿಟ್ಟು ವಾರ: ಕ್ರಾನ್‌ನಲ್ಲಿ ಯಾವುದಕ್ಕೆ ಯಾವ ದಾರಿ

ದಿನಾ ಬೆಳಗ್ಗೆ ಒಂಬತ್ತಕ್ಕೆ ಓಡ್ಸು, ಪ್ರತಿ ಸೋಮವಾರ ಓಡ್ಸು ಅಂದ್ರೆ ಕ್ರಾನ್ ಬರೆಯೋದು ಎರಡು ನಿಮಿಷದ ಕೆಲಸ. ಅದೇ ಯಾರಾದ್ರೂ ಬಂದು "ತಿಂಗಳ ಕೊನೇ ದಿನ ಓಡ್ಬೇಕು" ಅಂತಲೋ "ಎರಡನೇ ಮಂಗಳವಾರ ಓಡ್ಬೇಕು" ಅಂತಲೋ ಅಂದ್ರೆ ಅಲ್ಲಿಂದ ತಲೆನೋವು ಶುರು, ಯಾಕಂದ್ರೆ ಲಿನಕ್ಸ್‌ನ ಮಾಮೂಲಿ ಐದು ಫೀಲ್ಡಿನ ಕ್ರಾನ್‌ಗೆ ಕ್ಯಾಲೆಂಡರ್ ಅನ್ನೋದೇ ಗೊತ್ತಿಲ್ಲ. ಅದು ಪ್ರತಿ ನಿಮಿಷ ಎದ್ದು ಗಡಿಯಾರದ ನಂಬರ್ ನೋಡತ್ತೆ, ನೀವು ಬರೆದ ನಂಬರ್ ಜೊತೆ ಹೊಂದತ್ತಾ ಅಂತ ನೋಡತ್ತೆ, ಅಷ್ಟೇ. ಈ ತಿಂಗಳಿಗೆ ಎಷ್ಟು ದಿನ, ಇದು ಎಷ್ಟನೇ ಮಂಗಳವಾರ, ಹೋದ ವಾರ ಓಡಿತ್ತಾ ಇಲ್ವಾ, ಇದ್ಯಾವುದೂ ಅದರ ತಲೇಲಿ ಇರಲ್ಲ.

ಮೊದಲು ಒಂದು ವಿಷಯ ಬಗೆಹರಿಸ್ಕೊಳ್ಳಿ, ಇದನ್ನ ಕೇಳದೇ ಬರೆಯೋಕೆ ಕೂತವರೇ ಜಾಸ್ತಿ. "ಪ್ರತಿ ಎರಡನೇ ಮಂಗಳವಾರ" ಅಂದ್ರೆ ಏನು? ತಿಂಗಳಿನ ಎರಡನೇ ಮಂಗಳವಾರನಾ, ಅಥವಾ ವಾರ ಬಿಟ್ಟು ವಾರ ಬರೋ ಮಂಗಳವಾರನಾ? ಮೊದಲನೇದು ವರ್ಷಕ್ಕೆ 12 ಸಲ, ಎರಡನೇದು 26 ಸಲ. ಕನ್ನಡದಲ್ಲಿ ನಮಗೆ "ವಾರ ಬಿಟ್ಟು ವಾರ" ಅನ್ನೋ ಚೆಂದದ ಮಾತಿದೆ, ಟಿಕೆಟ್‌ನಲ್ಲಿ ಇಂಗ್ಲಿಷಲ್ಲಿ ಬರೆದಾಗ ಮಾತ್ರ ಎರಡೂ ಒಂದೇ ಥರ ಕಾಣತ್ತೆ. ಕೇಳಿದವರ ಹತ್ರ ಮುಂದಿನ ನಾಲ್ಕು ತಾರೀಕು ಬರೆಸ್ಕೊಳ್ಳಿ, ಜಗಳ ಅಲ್ಲೇ ಮುಗಿಯತ್ತೆ.

ಎಲ್ಲರೂ ಬೀಳೋ ಗುಂಡಿ

ತಿಂಗಳ ಎರಡನೇ ಮಂಗಳವಾರ ಯಾವಾಗ್ಲೂ 8ರಿಂದ 14ರ ಒಳಗೇ ಬರತ್ತೆ. ಏಳು ದಿನ, ಅದರಲ್ಲಿ ಒಂದೇ ಒಂದು ಮಂಗಳವಾರ. ಹಾಗಾಗಿ ಯಾರಿಗಾದ್ರೂ ಮೊದಲು ಹೊಳೆಯೋದು ಇದು:

```
0 9 8-14 * 2 /opt/job/report.sh
```

ಓದಿದ್ರೆ ಸರಿಯಾಗೇ ಇದೆ ಅನ್ಸತ್ತೆ. ನಾನೂ ಇದನ್ನೇ ಬರೆದು, ರಿವ್ಯೂ ಮಾಡಿದವರೂ ಓಕೆ ಅಂದು, ಸರ್ವರ್‌ಗೆ ಹಾಕಿ ಮರೆತುಬಿಟ್ಟಿದ್ದೆ. ಎಡವಟ್ಟು ಎಲ್ಲಿದೆ ಅಂದ್ರೆ ಕ್ರಾನ್‌ನಲ್ಲಿ ತಾರೀಕಿನ ಫೀಲ್ಡು, ವಾರದ ಫೀಲ್ಡು ಎರಡನ್ನೂ ತುಂಬಿಸಿದ್ರೆ ಅದು "ಎರಡೂ ಹೊಂದಬೇಕು" ಅಂತ ತಗೊಳಲ್ಲ, "ಯಾವುದಾದ್ರೂ ಒಂದು ಹೊಂದಿದ್ರೆ ಸಾಕು" ಅಂತ ತಗೊಳತ್ತೆ. ಬಗ್ ಅಲ್ಲ ಇದು, ಮ್ಯಾನ್ಯುಯಲ್ ಪೇಜಲ್ಲೇ ಬರೆದಿದಾರೆ, ನಾವು ಓದಿರಲ್ಲ ಅಷ್ಟೇ.

ಲೆಕ್ಕ ಹಾಕಿ ನೋಡೋಣ. 2026ರ ಸೆಪ್ಟೆಂಬರ್ 1ನೇ ತಾರೀಕು ಮಂಗಳವಾರ, ಅಂದ್ರೆ ಆ ತಿಂಗಳ ಮಂಗಳವಾರಗಳು 1, 8, 15, 22, 29. ನಮಗೆ ಬೇಕಿರೋದು 8 ಮಾತ್ರ. ಮೇಲಿನ ಲೈನು 8ರಿಂದ 14ರ ತನಕ ದಿನಾ ಓಡತ್ತೆ, ಅದು ಏಳು ಸಲ, ಅದರ ಮೇಲೆ 1, 15, 22, 29ಕ್ಕೂ ಓಡತ್ತೆ. ಒಟ್ಟು 11 ಸಲ. ಒಂದು ಮೇಲ್ ಹೋಗಬೇಕಾದ ಕಡೆ ಹನ್ನೊಂದು ಮೇಲ್.

ಇದನ್ನ ಹಿಡಿಯೋದು ಯಾಕೆ ಕಷ್ಟ ಅಂದ್ರೆ ಬೇಕಾದ ದಿನ ಅದು ಓಡೇ ಓಡತ್ತೆ. 8ನೇ ತಾರೀಕು ಬಂದು ನೋಡಿದವನಿಗೆ "ಆಹಾ ಕೆಲಸ ಮಾಡ್ತಿದೆ" ಅನ್ಸತ್ತೆ. `crontab.guru`ದಲ್ಲಿ ಹಾಕಿ ನೋಡಿದ್ರೂ ಅದು ಕೊಡೋ ವಿವರಣೆಯಲ್ಲಿ 8ರಿಂದ 14 "ಮತ್ತು" ಮಂಗಳವಾರ ಅನ್ನೋ ಥರ ಇರತ್ತೆ, ಆ "ಮತ್ತು" ಅನ್ನೋದನ್ನ ನಾವು ನಮಗೆ ಬೇಕಾದ ಹಾಗೆ ಓದ್ಕೊಳ್ತೀವಿ. ಅದಕ್ಕೆ ವಿವರಣೆ ಓದ್ಬೇಡಿ, ಅಲ್ಲಿ ಮುಂದಿನ ಐದಾರು ತಾರೀಕು ತೋರಿಸತ್ತಲ್ಲ, ಅದನ್ನ ಓದಿ. ನನಗೆ ಗೊತ್ತಾಗಿದ್ದು 9ನೇ ತಾರೀಕು ಎರಡನೇ ಮೇಲ್ ಬಂದಾಗ, ಅದನ್ನೂ ಯಾರೋ ಕೈಯಲ್ಲಿ ಓಡಿಸಿರಬೇಕು ಅಂದ್ಕೊಂಡು ಸುಮ್ಮನಿದ್ದೆ, 10ನೇ ತಾರೀಕು ಮೂರನೇದು ಬಂದ್ಮೇಲೆ ಲಾಗ್ ತೆಗೆದು ನೋಡಿದ್ದು.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಲಿನಕ್ಸ್‌ನಲ್ಲಿ ಬರೋ ವಿಕ್ಸಿ ಕ್ರಾನ್ ಕುಟುಂಬದಲ್ಲಿ, ಆ ಎರಡು ಫೀಲ್ಡಲ್ಲಿ ಒಂದು `*`ನಿಂದ ಶುರುವಾದ್ರೆ ಸಾಕು, "ಯಾವುದಾದ್ರೂ" ಹೋಗಿ "ಎರಡೂ" ಆಗಿಬಿಡತ್ತೆ. `*/7` ಅಂತ ವಾರದ ಫೀಲ್ಡಲ್ಲಿ ಬರೆದ್ರೆ ಭಾನುವಾರ ಮಾತ್ರ ಹೊಂದತ್ತೆ, ಅದು ಸ್ಟಾರ್‌ನಿಂದ ಶುರುವಾಗಿರೋದ್ರಿಂದ `0 9 8-14 * */7` ಅಂದ್ರೆ ನಿಜವಾಗ್ಲೂ ಎರಡನೇ ಭಾನುವಾರ. ಮಂಗಳವಾರಕ್ಕೆ ಈ ಆಟ ನಡೆಯಲ್ಲ. ನಡೆಯೋ ಕಡೆಯೂ ನಾನು ಬಳಸಲ್ಲ, ನನ್ನ ಜಾಗಕ್ಕೆ ಬಂದವನು ಅದನ್ನ ನೋಡಿ "ಇದೇನು ಹೀಗಿದೆ" ಅಂತ `0` ಮಾಡಿದ ಅಂದ್ರೆ ಮುಗೀತು ಕಥೆ.

ಮೊದಲ ದಾರಿ: ಕ್ರಾನ್ ಸಡಿಲವಾಗಿ, ಚೆಕ್ ಕಮಾಂಡಲ್ಲಿ

ಮಾಮೂಲಿ ಕ್ರಾನ್ ಒಂದೇ ಇದೆ ಅಂದ್ರೆ ದಾರಿ ಇದೇ. ಕ್ರಾನ್‌ಗೆ ಸ್ವಲ್ಪ ಜಾಸ್ತಿ ದಿನ ಎಬ್ಬಿಸೋಕೆ ಹೇಳಿ, ಎದ್ದಮೇಲೆ ಇವತ್ತು ಸರಿಯಾದ ದಿನನಾ ಅಂತ `date` ಹತ್ರ ಕೇಳಿ.

```
0 9 8-14 * * [ "$(date +\%u)" = 2 ] && /opt/job/report.sh
0 23 28-31 * * [ "$(date -d tomorrow +\%d)" = 01 ] && /opt/job/close.sh
```

ಮೊದಲನೇದು 8ರಿಂದ 14ರ ತನಕ ದಿನಾ ಏಳತ್ತೆ, ವಾರದ ನಂಬರ್ 2 ಆಗಿದ್ರೆ ಮಾತ್ರ ಮುಂದೆ ಹೋಗತ್ತೆ (`%u`ನಲ್ಲಿ ಸೋಮವಾರ 1, ಮಂಗಳವಾರ 2). ಎರಡನೇದು ನಾಳೆ ಒಂದನೇ ತಾರೀಕಾ ಅಂತ ಕೇಳತ್ತೆ, ಹೌದು ಅಂದ್ರೆ ಇವತ್ತು ಕೊನೇ ದಿನ. ಇದರ ಸೊಗಸು ಏನಂದ್ರೆ ಲೀಪ್ ವರ್ಷದ ಚಿಂತೆನೇ ಇಲ್ಲ, 2028ರ ಫೆಬ್ರವರಿ 28ಕ್ಕೆ ನಾಳೆ 29 ಆಗಿರೋದ್ರಿಂದ ಸುಮ್ಮನಿರತ್ತೆ, 29ಕ್ಕೆ ಓಡತ್ತೆ. 31ರ ತಿಂಗಳಿಗೊಂದು ಲೈನು, 30ರ ತಿಂಗಳಿಗೊಂದು, ಫೆಬ್ರವರಿಗೊಂದು ಅಂತ ಮೂರು ಲೈನ್ ಬರೆಯೋರು ಇದಾರೆ, ಅದು ಫೆಬ್ರವರಿಯಲ್ಲಿ ಕೈ ಕೊಡತ್ತೆ. ಇನ್ನು ಬರೀ `0 23 31 * *` ಅಂತ ಬರೆದ್ರೆ ವರ್ಷಕ್ಕೆ ಏಳೇ ತಿಂಗಳು ಓಡತ್ತೆ.

ಆ `%` ಹಿಂದಿನ ಬ್ಯಾಕ್‌ಸ್ಲ್ಯಾಶ್ ಇದೆಯಲ್ಲ, ಅದನ್ನ ಬಿಟ್ಟವರು ಅರ್ಧ ದಿನ ಕಳ್ಕೊಳ್ತಾರೆ. ಕ್ರಾನ್‌ಟ್ಯಾಬಲ್ಲಿ ಬರೀ `%` ಅಂದ್ರೆ ಕಮಾಂಡ್ ಅಲ್ಲಿಗೆ ಮುಗೀತು ಅಂತ ಅರ್ಥ, ಅದರ ನಂತರದ್ದೆಲ್ಲ ಕಮಾಂಡ್‌ಗೆ ಇನ್‌ಪುಟ್ ಆಗಿ ಹೋಗತ್ತೆ. ಟರ್ಮಿನಲ್‌ನಲ್ಲಿ ಟೆಸ್ಟ್ ಮಾಡಿದಾಗ ಚೆನ್ನಾಗಿ ಓಡತ್ತೆ, ಕ್ರಾನ್‌ಗೆ ಹಾಕಿದ್ರೆ ಕೋಟ್ ಮುಚ್ಚಿಲ್ಲ ಅಂತ ಶೆಲ್ ಕಿರುಚತ್ತೆ, ಆ ಕಿರುಚಾಟ ಲೋಕಲ್ ಮೇಲ್‌ಬಾಕ್ಸ್‌ಗೆ ಹೋಗತ್ತೆ, ಅದನ್ನ ಯಾರೂ ನೋಡಲ್ಲ. ಇನ್ನು `[[ ]]` ಹಾಕ್ಬೇಡಿ, ಕ್ರಾನ್ ಬಳಸೋದು `/bin/sh`, ಡೆಬಿಯನ್ ಥರದ ಸಿಸ್ಟಂನಲ್ಲಿ ಅದು ಬ್ಯಾಶ್ ಅಲ್ಲ. ಸುಲಭದ ಪರಿಹಾರ, ಚೆಕ್ಕನ್ನೇ ಸ್ಕ್ರಿಪ್ಟ್ ಫೈಲ್ ಒಳಗೆ ಹಾಕಿಬಿಡಿ, ಅಲ್ಲಿ `%`ಗೆ ಬ್ಯಾಕ್‌ಸ್ಲ್ಯಾಶ್ ಬೇಡ.

`-d tomorrow` ಎಲ್ಲಾ ಕಡೆ ನಡೆಯಲ್ಲ ಅನ್ನೋದೂ ನೆನಪಿರಲಿ. ಅದು ಜಿಎನ್‌ಯು `date`ಗೆ ಮಾತ್ರ ಅರ್ಥ ಆಗೋ ಭಾಷೆ, ಮ್ಯಾಕ್‌ನಲ್ಲಿ `date -v+1d +%d` ಅನ್ನಬೇಕು, ಸಣ್ಣ ಕಂಟೇನರ್‌ಗಳಲ್ಲಿ ಬರೋ ಬಿಝಿಬಾಕ್ಸ್‌ಗೆ ಎರಡೂ ಗೊತ್ತಿಲ್ಲ.

ಕುಬರ್ನೆಟೀಸ್‌ನ ಕ್ರಾನ್‌ಜಾಬ್‌ನಲ್ಲೂ ಐದೇ ಫೀಲ್ಡು, ಹಾಗಾಗಿ ಅಲ್ಲೂ ಈ ಚೆಕ್ಕೇ ಗತಿ, ಆದ್ರೆ ಅಲ್ಲೊಂದು ವ್ಯತ್ಯಾಸ ಇದೆ. ಮಾಮೂಲಿ ಕ್ರಾನ್ ಎಕ್ಸಿಟ್ ಕೋಡ್ ಕಡೆ ತಿರುಗಿಯೂ ನೋಡಲ್ಲ, ಚೆಕ್ ಸುಳ್ಳಾಗಿ 1 ಬಂದ್ರೆ ಏನೂ ಆಗಲ್ಲ. ಕುಬರ್ನೆಟೀಸ್ ಮಾತ್ರ 1 ಬಂದ ತಕ್ಷಣ ಜಾಬ್ ಫೇಲ್ ಆಯ್ತು ಅಂದ್ಕೊಂಡು ಮತ್ತೆ ಮತ್ತೆ ಓಡಿಸತ್ತೆ, ಅಲರ್ಟ್ ಇಟ್ಟಿದ್ರೆ ಅದೂ ಹೊಡ್ಕೊಳ್ಳತ್ತೆ. ಅಲ್ಲಿ `&&` ಬೇಡ, ಸ್ಕ್ರಿಪ್ಟಿನ ಮೊದಲ ಲೈನಲ್ಲೇ ಚೆಕ್ ಇಟ್ಟು, ದಿನ ಅಲ್ಲ ಅಂದ್ರೆ `|| exit 0` ಅಂತ ಮರ್ಯಾದೆಯಾಗಿ ಹೊರಗೆ ಬನ್ನಿ.

ಎರಡನೇ ದಾರಿ: `L` ಮತ್ತು `#` ಗೊತ್ತಿರೋ ಕ್ರಾನ್

ಜಾವಾ ಕಡೆಯ ಕ್ವಾರ್ಟ್ಜ್, ಸ್ಪ್ರಿಂಗ್ (5.3ರಿಂದ ಈಚೆಗೆ), ಎಡಬ್ಲ್ಯೂಎಸ್‌ನ ಈವೆಂಟ್‌ಬ್ರಿಡ್ಜ್, ಇವುಗಳಿಗೆ ಕೊನೇ ದಿನ, ಎಷ್ಟನೇ ವಾರ ಅನ್ನೋದು ನೇರವಾಗಿ ಅರ್ಥ ಆಗತ್ತೆ. ನಿಮ್ಮ ಹತ್ರ ಇದ್ಯಾವುದಾದ್ರೂ ಇದ್ರೆ ಮೇಲಿನ ಸರ್ಕಸ್ ಬೇಡ.

```
0 0 23 L * ?          (Quartz, Spring)
0 0 9 ? * TUE#2       (Quartz, Spring)
cron(0 23 L * ? *)    (EventBridge)
cron(0 9 ? * TUE#2 *) (EventBridge)
```

ಮೊದಲೆರಡರಲ್ಲಿ ಮುಂದೆ ಒಂದು ಸೆಕೆಂಡಿನ ಫೀಲ್ಡ್ ಇದೆ, ಈವೆಂಟ್‌ಬ್ರಿಡ್ಜ್‌ನಲ್ಲಿ ಸೆಕೆಂಡ್ ಇಲ್ಲ, ಕೊನೇಲಿ ವರ್ಷ ಇದೆ. ಎರಡೂ ಕಡೆ ಆರು ಫೀಲ್ಡೇ ಕಾಣತ್ತೆ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಕಾಪಿ ಹೊಡೆಯೋರು ಹುಷಾರು. `?` ಅಂದ್ರೆ "ಈ ಫೀಲ್ಡ್ ನನಗೆ ಬೇಡ" ಅಂತ. ಕ್ವಾರ್ಟ್ಜ್, ಈವೆಂಟ್‌ಬ್ರಿಡ್ಜ್ ಎರಡೂ ತಾರೀಕು, ವಾರ ಇವೆರಡರಲ್ಲಿ ಒಂದಕ್ಕೆ `?` ಹಾಕಲೇಬೇಕು ಅಂತ ಹಠ ಹಿಡಿಯತ್ವೆ, ನನ್ನ ಪ್ರಕಾರ ಅದು ಒಳ್ಳೇ ಹಠ, ಮೇಲೆ ಹೇಳಿದ ಗುಂಡಿಗೆ ಬೀಳೋ ಅವಕಾಶನೇ ಕೊಡಲ್ಲ.

ನಾನು `TUE` ಅಂತ ಅಕ್ಷರದಲ್ಲೇ ಬರೆದಿದ್ದು ಬೇಕಂತಲೇ. ಕ್ವಾರ್ಟ್ಜ್ ಮತ್ತೆ ಈವೆಂಟ್‌ಬ್ರಿಡ್ಜ್‌ನಲ್ಲಿ ಭಾನುವಾರ 1, ಹಾಗಾಗಿ ಮಂಗಳವಾರ 3. ಸ್ಪ್ರಿಂಗ್‌ನಲ್ಲಿ ಲಿನಕ್ಸ್ ಥರಾನೇ ಭಾನುವಾರ 0, ಮಂಗಳವಾರ 2. `2#2` ಅಂತ ಸ್ಪ್ರಿಂಗ್‌ನಲ್ಲಿ ಬರೆದ್ರೆ ಎರಡನೇ ಮಂಗಳವಾರ, ಅದೇ ಲೈನ್ ಎತ್ತಿ ಕ್ವಾರ್ಟ್ಜ್‌ಗೆ ಹಾಕಿದ್ರೆ ಎರಡನೇ ಸೋಮವಾರ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ಒಂದು ದಿನ ಮುಂಚೆ ಸದ್ದಿಲ್ಲದೆ ಓಡತ್ತೆ. ಅಷ್ಟೇ ಅಲ್ಲ, ತಿಂಗಳು ಮಂಗಳವಾರದಿಂದ ಶುರುವಾದ್ರೆ ಎರಡನೇ ಸೋಮವಾರ ಬರೋದೇ ಎರಡನೇ ಮಂಗಳವಾರ ಆಗಿ ಆರು ದಿನಕ್ಕೆ. 2026ರ ಸೆಪ್ಟೆಂಬರ್‌ನಲ್ಲಿ ಮಂಗಳವಾರ 8ಕ್ಕೆ, ಸೋಮವಾರ 14ಕ್ಕೆ. ಹಾಗಾಗಿ ಒಂದೊಂದು ತಿಂಗಳು ಒಂದು ದಿನ ಮುಂಚೆ, ಕೆಲವು ತಿಂಗಳು ಆರು ದಿನ ತಡ, ಲಾಗ್ ನೋಡಿದವನಿಗೆ ಏನು ನಡೀತಿದೆ ಅಂತಾನೇ ಅರ್ಥ ಆಗಲ್ಲ.

ಕೊನೇ "ಕೆಲಸದ ದಿನ" ಬೇಕು ಅಂದ್ರೆ ಇವುಗಳಲ್ಲಿ ಕ್ವಾರ್ಟ್ಜ್ ಮತ್ತೆ ಸ್ಪ್ರಿಂಗ್‌ಗೆ `LW` ಗೊತ್ತು. ಆದ್ರೆ ಅದಕ್ಕೆ ಗೊತ್ತಿರೋದು ಶನಿವಾರ, ಭಾನುವಾರ ಅಷ್ಟೇ, ರಜಾ ಪಟ್ಟಿ ಗೊತ್ತಿಲ್ಲ.

ಮೂರನೇ ದಾರಿ: `systemd` ಟೈಮರ್

ಲಿನಕ್ಸ್ ಸರ್ವರ್ ನಿಮ್ಮ ಕೈಯಲ್ಲೇ ಇದ್ರೆ ನಾನು ಈಗೀಗ ಇದನ್ನೇ ಹಾಕೋದು. ಇದರಲ್ಲಿ ವಾರ ಮತ್ತೆ ತಾರೀಕು ಎರಡೂ ಬರೆದ್ರೆ ಎರಡೂ ಹೊಂದಲೇಬೇಕು, ಮನುಷ್ಯರು ಅಂದ್ಕೊಳ್ಳೋ ಹಾಗೇ. `~` ಅಂದ್ರೆ ತಿಂಗಳ ಕೊನೆಯಿಂದ ಹಿಂದಕ್ಕೆ ಎಣಿಸು ಅಂತ.

```
OnCalendar=Tue *-*-08..14 09:00:00
OnCalendar=*-*~01 23:00:00
```

ಹಾಕೋ ಮುಂಚೆನೇ ತಾರೀಕು ನೋಡಬಹುದು, ಇದೇ ನನಗೆ ತುಂಬಾ ಇಷ್ಟ ಆಗಿದ್ದು:

```
systemd-analyze calendar --iterations=6 'Tue *-*-08..14 09:00:00'
```

ಎರಡು ಫೈಲ್ ಬರೆಯಬೇಕು, ಒಂದು `.timer` ಇನ್ನೊಂದು `.service`, ಅದೊಂದು ಕಿರಿಕಿರಿ. ಬದಲಿಗೆ `Persistent=true` ಸಿಗತ್ತೆ, ಮಷಿನ್ ಆಫ್ ಆಗಿದ್ದಾಗ ತಪ್ಪಿದ್ದನ್ನ ಆನ್ ಆದ ಮೇಲೆ ಓಡಿಸತ್ತೆ. ದಿನಾ ಓಡೋ ಜಾಬ್ ಒಂದ್ಸಲ ತಪ್ಪಿದ್ರೆ ನಾಳೆ ಸರಿಹೋಗತ್ತೆ, ತಿಂಗಳಿಗೊಮ್ಮೆ ಓಡೋದು ತಪ್ಪಿದ್ರೆ ಇಡೀ ತಿಂಗಳು ಹೋಯ್ತು, ಅದಕ್ಕೆ ಇಲ್ಲಿ ಇದರ ಬೆಲೆ ಜಾಸ್ತಿ. ಆದ್ರೆ ಇದರಲ್ಲೂ ಒಂದು ಕೊಕ್ಕೆ ಇದೆ: 31ಕ್ಕೆ ಓಡಬೇಕಾದದ್ದು ಹೀಗೆ ತಡವಾಗಿ 1ಕ್ಕೆ ಓಡಿದಾಗ, ಸ್ಕ್ರಿಪ್ಟ್ ಒಳಗೆ "ಈ ತಿಂಗಳ ಲೆಕ್ಕ" ಅಂತ ಬರೆದಿದ್ರೆ ಅದು ಹೊಸ ತಿಂಗಳ ಖಾಲಿ ಲೆಕ್ಕ ಕೊಡತ್ತೆ.

ಕೊನೇ ದಿನವೇ ಬೇಕಾ ಅಂತ ಒಂದ್ಸಲ ಕೇಳಿ

ತಿಂಗಳ ಲೆಕ್ಕ ಮುಗಿಸೋಕೆ ಕೊನೇ ದಿನ ರಾತ್ರಿ 11ಕ್ಕೆ ಓಡ್ಸಿ ಅಂತಾರಲ್ಲ, ಆ ಕೊನೇ ಒಂದು ಗಂಟೆಯಲ್ಲಿ ಬಂದ ಎಂಟ್ರಿಗಳು ಎಲ್ಲಿ ಹೋಗತ್ತೆ? ಹತ್ತರಲ್ಲಿ ಒಂಬತ್ತು ಸಲ ಅವರಿಗೆ ನಿಜವಾಗ್ಲೂ ಬೇಕಿರೋದು ತಿಂಗಳು ಮುಗಿದ ಮೇಲೆ ಅದರ ಲೆಕ್ಕ. ಅಂದ್ರೆ `10 0 1 * *`, ಒಂದನೇ ತಾರೀಕು ರಾತ್ರಿ 12:10ಕ್ಕೆ, ಹಿಂದಿನ ತಿಂಗಳದ್ದು ಮಾಡು ಅಂತ. ಎಲ್ಲಾ ಕ್ರಾನ್‌ಗೂ ಅರ್ಥ ಆಗೋ ಸಾದಾ ಲೈನು, ಯಾವ ಚೆಕ್ಕೂ ಬೇಡ. ನಾನು ಮೊದಲು ಕೇಳೋ ಪ್ರಶ್ನೆನೇ ಇದು, ಒಪ್ಪಿದ್ರೆ ಮೇಲೆ ಹೇಳಿದ ಅರ್ಧ ಕೆಲಸ ಉಳಿಯತ್ತೆ.

ಇಲ್ಲಿ ಒಂದೇ ಎಚ್ಚರಿಕೆ. ಹಿಂದಿನ ತಿಂಗಳು ಯಾವುದು ಅನ್ನೋಕೆ `date -d 'last month' +%m` ಬರೆದಿದ್ರೆ ಒಂದನೇ ತಾರೀಕು ಸರಿಯಾಗೇ ಬರತ್ತೆ, ಆದ್ರೆ ಯಾರಾದ್ರೂ ಅದನ್ನ ಮಾರ್ಚ್ 31ಕ್ಕೆ ಕೈಯಲ್ಲಿ ಓಡಿಸಿದ್ರೆ ಫೆಬ್ರವರಿ 31 ಅನ್ನೋ ಇಲ್ಲದ ದಿನಕ್ಕೆ ಹೋಗಿ, ಅಲ್ಲಿಂದ ಜಾರಿ ಮತ್ತೆ ಮಾರ್ಚ್‌ಗೇ ಬಂದು `03` ಅನ್ನತ್ತೆ. ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸಿ:

```
date -d "$(date +%Y-%m-01) -1 month" +%m
```

ಟೈಮ್‌ಝೋನೂ ಇಲ್ಲೇ ಕಚ್ಚೋದು. ಶೆಡ್ಯೂಲರ್ ಯುಟಿಸಿಯಲ್ಲಿದ್ದು ನೀವು ಅದಕ್ಕಿಂತ ಮುಂದಿರೋ ಝೋನ್‌ನಲ್ಲಿದ್ರೆ, ಅದರ ಕೊನೇ ದಿನ ರಾತ್ರಿ 11 ಅನ್ನೋ ಹೊತ್ತಿಗೆ ನಿಮ್ಮಲ್ಲಿ ಆಗ್ಲೇ ಒಂದನೇ ತಾರೀಕು. ಝೋನ್ ಸೆಟ್ ಮಾಡೋ ಆಯ್ಕೆ ಇದ್ರೆ (ಕುಬರ್ನೆಟೀಸ್‌ನಲ್ಲಿ `timeZone` ಇದೆ) ಅದನ್ನ ಬರೆದೇ ಬಿಡಿ.

ವಾರ ಬಿಟ್ಟು ವಾರ

ಇದಕ್ಕೆ ಮೇಲಿನ ಯಾವ ಕ್ರಾನ್‌ನಲ್ಲೂ ನೇರ ಉತ್ತರ ಇಲ್ಲ, `L` `#` ಗೊತ್ತಿರೋದ್ರಲ್ಲೂ ಇಲ್ಲ, `OnCalendar`ನಲ್ಲೂ ಇಲ್ಲ. ಯಾಕಂದ್ರೆ ಎರಡು ವಾರದ ಲೆಕ್ಕಕ್ಕೆ "ಎಲ್ಲಿಂದ ಎಣಿಸೋದು" ಅನ್ನೋ ಒಂದು ಗೂಟ ಬೇಕು, ಕ್ರಾನ್ ಫೀಲ್ಡಲ್ಲಿ ಅದಕ್ಕೆ ಜಾಗನೇ ಇಲ್ಲ. ತಾರೀಕಿನ ಜಾಗದಲ್ಲಿ `*/14` ಹಾಕಿದ್ರೆ ಅದು 1, 15, 29 ಅಂತ ಓಡಿ ತಿಂಗಳು ಬದಲಾದ ತಕ್ಷಣ ಮತ್ತೆ 1ರಿಂದ ಶುರು ಮಾಡತ್ತೆ.

ಬಹಳ ಜನ ಮಾಡೋದು ವಾರದ ನಂಬರ್ (`date +%V`) ತಗೊಂಡು ಸಮ ಆದ್ರೆ ಓಡ್ಸೋದು. ತುಂಬಾ ದಿನ ಚೆನ್ನಾಗೇ ನಡೆಯತ್ತೆ, ವರ್ಷಕ್ಕೆ 53 ವಾರ ಬಂದಾಗ ಮುರಿಯತ್ತೆ. 2026ಕ್ಕೆ 53 ವಾರ ಇದೆ. ಡಿಸೆಂಬರ್ 22ರ ಮಂಗಳವಾರ 52ನೇ ವಾರ, ಓಡತ್ತೆ. 29 ಅಂದ್ರೆ 53ನೇ ವಾರ, ಇಲ್ಲ. 2027ರ ಜನವರಿ 5 ಅಂದ್ರೆ 1ನೇ ವಾರ, ಅದೂ ಬೆಸ, ಇಲ್ಲ. ಜನವರಿ 12ಕ್ಕೆ ಓಡತ್ತೆ. ಮಧ್ಯೆ 21 ದಿನ ಅಂತರ, ಅಲ್ಲಿಂದ ಮುಂದೆ ಇಡೀ ವರ್ಷ ತಪ್ಪು ವಾರದಲ್ಲೇ. ಬೆಸ ವಾರ ಇಟ್ಕೊಂಡವರಿಗೆ ಇನ್ನೂ ಮಜಾ, 29ಕ್ಕೂ ಓಡತ್ತೆ, 5ಕ್ಕೂ ಓಡತ್ತೆ. ಇದರ ಜೊತೆಗೆ `08`, `09` ಅಂತ ಬರೋ ವಾರಗಳನ್ನ ಶೆಲ್ ಆಕ್ಟಲ್ ಅಂದ್ಕೊಂಡು ಎರರ್ ಕೊಡೋದು ಬೇರೆ, ವರ್ಷದಲ್ಲಿ ಎರಡೇ ವಾರ ಸಾಯೋ ಜಾಬ್.

ಸರಿಯಾದ ಗೂಟ ಅಂದ್ರೆ 1970ರಿಂದ ಎಣಿಸೋ ಸೆಕೆಂಡು. ಅದನ್ನ 604800ರಿಂದ (ಒಂದು ವಾರದ ಸೆಕೆಂಡು) ಭಾಗಿಸಿದ್ರೆ ವರ್ಷ ಬದಲಾದ್ರೂ ತಪ್ಪದ ವಾರದ ನಂಬರ್ ಸಿಗತ್ತೆ. ಕ್ರಾನ್‌ನಲ್ಲಿ `0 9 * * 2`, ಸ್ಕ್ರಿಪ್ಟಿನ ತಲೆಯಲ್ಲಿ:

```
#!/bin/sh
w=$(( $(date +%s) / 604800 ))
[ $((w % 2)) -eq 0 ] || exit 0
```

2026ರ ಜನವರಿ 6ರ ಮಂಗಳವಾರ ಈ ಲೆಕ್ಕದಲ್ಲಿ 2922ನೇ ವಾರ, ಸಮ, ಓಡತ್ತೆ. ಡಿಸೆಂಬರ್ 22 ಅಂದ್ರೆ 2972, ಓಡತ್ತೆ, 29 ಅಂದ್ರೆ 2973, ಇಲ್ಲ, ಜನವರಿ 5 ಅಂದ್ರೆ 2974, ಓಡತ್ತೆ. ಸರಿಯಾಗಿ 14 ದಿನ. ನಿಮಗೆ ಬೇಕಾದ್ದು ಆ ಇನ್ನೊಂದು ವಾರ ಅಂದ್ರೆ `-eq 1` ಮಾಡಿ. 1970ರ ಜನವರಿ 1 ಗುರುವಾರ ಆಗಿತ್ತು, ಹಾಗಾಗಿ ಈ ವಾರ ಬದಲಾಗೋದು ಯುಟಿಸಿ ಗುರುವಾರದ ಮಧ್ಯರಾತ್ರಿ. ಮಂಗಳವಾರ ಅದರಿಂದ ದೂರ ಇರೋದ್ರಿಂದ ನಿಶ್ಚಿಂತೆ, ಬುಧವಾರ ಇಲ್ಲಾ ಗುರುವಾರದ ಜಾಬ್ ಆಗಿದ್ದು ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡೋ ದೇಶದಲ್ಲಿದ್ರೆ ಮಾತ್ರ ಈ ಗಡಿ ಎಲ್ಲಿ ಬರತ್ತೆ ಅಂತ ಒಮ್ಮೆ ನೋಡ್ಕೊಳ್ಳಿ. ಈವೆಂಟ್‌ಬ್ರಿಡ್ಜ್‌ನಲ್ಲಿದ್ರೆ ಇದ್ಯಾವುದೂ ಬೇಡ, `rate(14 days)` ಇದೆ, ಶೆಡ್ಯೂಲರ್‌ನಲ್ಲಿ ಶುರುವಾಗೋ ತಾರೀಕು ಕೊಟ್ರೆ ಅದೇ ಗೂಟ.

ಹಾಕೋ ಮುಂಚೆ ವರ್ಷ ಪೂರ್ತಿ ಓಡಿಸಿ ನೋಡೋದು

ತಿಂಗಳಿಗೊಮ್ಮೆ ಓಡೋದನ್ನ ಕಾದು ಟೆಸ್ಟ್ ಮಾಡೋಕಾಗಲ್ಲ. ಚೆಕ್ಕನ್ನ ಇಡೀ ವರ್ಷದ ತಾರೀಕಿನ ಮೇಲೆ ಓಡಿಸಿ:

```
for i in $(seq 0 364); do
  d=$(date -d "2026-01-01 +$i days" +%F)
  [ "$(date -d "$d +1 day" +%d)" = 01 ] && echo $d
done
```

ಕೊನೇ ದಿನಕ್ಕೆ 12 ಲೈನ್ ಬರಬೇಕು, ಎರಡನೇ ಮಂಗಳವಾರಕ್ಕೂ 12, ವಾರ ಬಿಟ್ಟು ವಾರಕ್ಕೆ 26. ಲೂಪನ್ನ 2028ಕ್ಕೆ ಬದಲಿಸುವಾಗ 364 ಅನ್ನೋದನ್ನ 365 ಮಾಡೋಕೆ ಮರೀಬೇಡಿ, ನಾನು ಮರೆತು ಡಿಸೆಂಬರ್ 31 ಯಾಕೆ ಬರ್ತಿಲ್ಲ ಅಂತ ಚೆಕ್ಕಲ್ಲೇ ತಪ್ಪು ಹುಡುಕ್ತಾ ಕೂತಿದ್ದೆ.